ಲಿಪಿಡ್ ರಾಯರ ಪಥ್ಯ

ಲ್ಯಾಬಿನಿಂದ ಲಿಪಿಡ್ ಪ್ರೊಫೈಲ್ ಬಂದು, ಡಾಕ್ಟರು 'ಊಟದ ಮೇಲೆ ಸ್ವಲ್ಪ ಗಮನ ಇರಲಿ' ಎಂದ ಮರುದಿನವೇ ಲಿಪಿಡ್ ರಾಯರ ಅವತಾರವಾಗುತ್ತದೆ. ಇವರು ಪ್ರತಿ ಬಡಾವಣೆಯ ಪಾರ್ಕಿನಲ್ಲೂ ಒಬ್ಬರಾದರೂ ಇರುತ್ತಾರೆ. ರಿಪೋರ್ಟಿನಲ್ಲಿ ಅವರು ಓದುವುದು ಮೊದಲ ಸಾಲು ಮಾತ್ರ: ಒಟ್ಟು ಕೊಲೆಸ್ಟರಾಲ್ 208. ಇನ್ನೂರು ದಾಟಿದ್ದೇ ತಡ, ಮನೆಯಿಂದ ತುಪ್ಪಕ್ಕೆ ಗಡೀಪಾರು, ಮೊಟ್ಟೆಗೆ ಬಹಿಷ್ಕಾರ, ಕಾಯಿಚಟ್ನಿಗೆ ನಿಷೇಧಾಜ್ಞೆ. ತುಪ್ಪವಿಲ್ಲದ ದೋಸೆ ಎಂಬ ಧೈರ್ಯದಲ್ಲಿ ಎರಡರ ಜಾಗದಲ್ಲಿ ನಾಲ್ಕು ತಿನ್ನುತ್ತಾರೆ. ಜಿಡ್ಡಿಲ್ಲವೆಂದು ಅನ್ನವನ್ನು ಮೂರು ಸಲ ಬಡಿಸಿಕೊಳ್ಳುತ್ತಾರೆ. ಸಂಜೆ ಕಾಫಿಗೆ ಎರಡು ಚಮಚ ಸಕ್ಕರೆ, ಜೊತೆಗೆ ಆರು ಮಾರಿ ಬಿಸ್ಕತ್ತು. ಸಕ್ಕರೆಯಲ್ಲಿ ಕೊಲೆಸ್ಟರಾಲ್ ಇಲ್ಲವಲ್ಲ! ಮಾತು ನಿಜವೇ. ಎಣ್ಣೆ ಡಬ್ಬಿಯ ಮೇಲಿನ 'ಕೊಲೆಸ್ಟರಾಲ್ ಮುಕ್ತ' ಎಂಬ ಘೋಷಣೆಯೂ ಅಷ್ಟೇ ನಿಜ, ಯಾಕೆಂದರೆ ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ರಾಯರ ತೊಂದರೆ ಶ್ರದ್ಧೆಯ ಕೊರತೆಯಲ್ಲ, ಮೊದಲ ಸಾಲಿಗೇ ಓದು ನಿಲ್ಲಿಸಿದ್ದು. ಆ 208 ಒಂದು ಮೊತ್ತ. ಅವರ ರಿಪೋರ್ಟಿನಲ್ಲಿ ಮುಂದಕ್ಕೆ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 290, ಎಲ್‌ಡಿಎಲ್ 116 ಎಂದಿದೆ. ಕೊಬ್ಬು ನೀರಿನಲ್ಲಿ ಕರಗದ್ದರಿಂದ ಅದು ರಕ್ತದಲ್ಲಿ ಪ್ರೊಟೀನಿನ ಹೊದಿಕೆಯ ಸಣ್ಣ ಕಣಗಳಲ್ಲಿ ಕೂತು ಸಾಗಬೇಕು. ಎಲ್‌ಡಿಎಲ್ ಕಣ ಯಕೃತ್ತಿನ ಕಡೆಯಿಂದ ಮೈಗೆಲ್ಲ ಕೊಲೆಸ್ಟರಾಲ್ ಒಯ್ಯುತ್ತದೆ. ಅದು ಹೆಚ್ಚಾದಷ್ಟೂ ರಕ್ತನಾಳದ ಗೋಡೆಯೊಳಗೆ ಸೇರಿ ಕೂರುತ್ತದೆ. ಎಚ್‌ಡಿಎಲ್ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿಸುವ ಕೆಲಸದಲ್ಲಿದೆ. ಟ್ರೈಗ್ಲಿಸರೈಡ್ ಕೊಲೆಸ್ಟರಾಲೇ ಅಲ್ಲ, ಮೈ ಕೂಡಿಟ್ಟುಕೊಳ್ಳುವ ಶಕ್ತಿಯ ಕೊಬ್ಬು. ಬಹಳ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಮೊತ್ತದಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯುತ್ತವೆ: 208ರಲ್ಲಿ 34 ಮತ್ತು 58 ಹೋಗಿ 116. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ ಏರಿದಂತೆ ಈ ಲೆಕ್ಕ ಸಡಿಲವಾಗುತ್ತದೆ, 400 ದಾಟಿದರೆ ಕೆಲಸಕ್ಕೇ ಬಾರದು. ಆದ್ದರಿಂದ ರಾಯರಂಥವರಿಗೆ ಒಟ್ಟು ಮೊತ್ತದಲ್ಲಿ ಎಚ್‌ಡಿಎಲ್ ಕಳೆದು ಉಳಿಯುವ 174 ಹೆಚ್ಚು ನಂಬಿಕೆಯ ಅಂಕಿ. ಸಾಮಾನ್ಯವಾಗಿ ಅದು 130ರೊಳಗಿರಬೇಕು.

ಈಗ ಅಪರಾಧಿ ಯಾರೆಂದು ನೋಡಿ. ಟ್ರೈಗ್ಲಿಸರೈಡ್ 150ರೊಳಗಿರಬೇಕಿತ್ತು, 290 ಇದೆ. ಗಂಡಸರಿಗೆ ಎಚ್‌ಡಿಎಲ್ 40ರ ಮೇಲಿರಬೇಕಿತ್ತು, 34 ಇದೆ. ಒಂದು ಏರಿ ಇನ್ನೊಂದು ಇಳಿದಿರುವ ಈ ಜೋಡಿ ಭಾರತೀಯರಲ್ಲಿ, ಅದರಲ್ಲೂ ಹೊಟ್ಟೆ ಮುಂದೆ ಬಂದವರಲ್ಲಿ, ಬಲು ಸಾಮಾನ್ಯ. ಮೈಗೆ ಬೇಕಾದದ್ದಕ್ಕಿಂತ ಹೆಚ್ಚು ಅನ್ನ, ಮೈದಾ, ಸಕ್ಕರೆ ಒಳಗೆ ಹೋದಾಗ ಯಕೃತ್ತು ಅದನ್ನೇ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯವೂ ಇದಕ್ಕೆ ಕೈಜೋಡಿಸುತ್ತದೆ. ಅಂದರೆ ರಾಯರು ಜೈಲಿಗೆ ಹಾಕಿದ್ದು ತುಪ್ಪವನ್ನು, ಮನೆ ಅಳಿಯನಂತೆ ಉಪಚರಿಸಿದ್ದು ನಾಲ್ಕನೇ ದೋಸೆಯನ್ನು.

'ಹಾಗಾದರೆ ತುಪ್ಪ ನಿರ್ದೋಷಿ ಅನ್ನಿ' ಎಂದು ರಾಯರು ಕೂಡಲೇ ಹುರುಪಾಗುತ್ತಾರೆ. ಇಲ್ಲ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಪಾಮ್ ಎಣ್ಣೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ. ಎಲ್‌ಡಿಎಲ್ 170 ಇರುವ ಇನ್ನೊಬ್ಬರಿಗೆ ಆ ಕೊಬ್ಬನ್ನು ಕಡಿಮೆ ಮಾಡುವುದೇ ಮೊದಲ ಪಾಠ. ರಾಯರ ಪಟ್ಟಿಯಲ್ಲಿ ಅದು ಎರಡನೆಯದು, ಅಷ್ಟೇ. ಅವರಿಗೆ ಸಕ್ಕರೆ ಕಾಯಿಲೆಯೋ ಹಿಂದೆ ಹೃದಯಾಘಾತವೋ ಆಗಿದ್ದರೆ 116 ಕೂಡ ಹೆಚ್ಚೇ, ಆಗ ಪಥ್ಯದ ಜೊತೆಗೆ ಮಾತ್ರೆಯ ಮಾತೂ ಬರುತ್ತದೆ. 'ನಮ್ಮಜ್ಜ ತುಪ್ಪ ಸುರಿದುಕೊಂಡು ತೊಂಬತ್ತು ಬದುಕಿದರು' ಎಂಬುದು ಅವರ ಮುಂದಿನ ಅಸ್ತ್ರ. ಅಜ್ಜ ಉಳುತ್ತಿದ್ದರು, ಮೊಮ್ಮಗ ಲಿಫ್ಟಿಗೆ ಕಾಯುತ್ತಾನೆ. ಮೇಲಾಗಿ ಎಲ್‌ಡಿಎಲ್ ಎಷ್ಟಿರುತ್ತದೆಂಬುದರಲ್ಲಿ ವಂಶದ ಪಾಲು ದೊಡ್ಡದು, ಅಜ್ಜನ ಅದೃಷ್ಟ ಮೊಮ್ಮಗನಿಗೆ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಕೊನೆಗೆ 'ಒಳ್ಳೆಯ ಕೊಲೆಸ್ಟರಾಲ್ ಏರಿಸಿಬಿಟ್ಟರೆ ಸರಿಹೋಯ್ತಲ್ಲ' ಎನ್ನುತ್ತಾರೆ. ಔಷಧದಿಂದ ಎಚ್‌ಡಿಎಲ್ ಅಂಕಿ ಏರಿಸಿ ನೋಡಿದ್ದಾಗಿದೆ. ಅಂಕಿ ಏರಿತು, ಆದರೆ ನಿರೀಕ್ಷಿಸಿದಂತೆ ಹೃದಯಾಘಾತ ಇಳಿಯಲಿಲ್ಲ. ಎಚ್‌ಡಿಎಲ್ ಕಡಿಮೆಯಿದ್ದರೆ ಅದು ಎಚ್ಚರಿಕೆಯ ಗುರುತು, ಉಳಿದ ಪಾಪಗಳನ್ನು ತೊಳೆಯುವ ತೀರ್ಥವಲ್ಲ.

ರಾಯರು ನಿಜವಾಗಿ ಮಾಡಬೇಕಾದದ್ದು ಸಣ್ಣದು, ಅದಕ್ಕೇ ಅವರಿಗೆ ರುಚಿಸುವುದಿಲ್ಲ. ಅನ್ನ ಅರ್ಧಕ್ಕಿಳಿದು ಪಲ್ಯ, ಕಾಳು ಹೆಚ್ಚಬೇಕು. ಸಕ್ಕರೆ, ಬಿಸ್ಕತ್ತು ತೊಲಗಬೇಕು. ಪಾರ್ಕಿನಲ್ಲಿ ಬೆಂಚಿಗಿಂತ ಹೆಚ್ಚು ಹೊತ್ತು ಕಾಲುದಾರಿಯಲ್ಲಿರಬೇಕು, ಸೊಂಟ ಇಳಿಯಬೇಕು. ಮೂರು ತಿಂಗಳ ಬಳಿಕ ಮರುಪರೀಕ್ಷೆ. ಅದರ ಹಿಂದಿನ ನಾಲ್ಕು ದಿನ ಮಾತ್ರ ಗಂಜಿ ಕುಡಿದು ಲ್ಯಾಬಿಗೆ ಹೋಗುವ ಉಪಾಯ ಅವರಿಗೆ ಆಗಲೇ ಹೊಳೆದಿರುತ್ತದೆ. ಕೆಲವೇ ದಿನ ಬಾಯಿ ಕಟ್ಟಿದರೂ ಟ್ರೈಗ್ಲಿಸರೈಡ್ ಇಳಿಯಬಹುದಾದ್ದರಿಂದ ಲ್ಯಾಬಿಗೆ ಮೋಸ ಮಾಡುವುದು ಕಷ್ಟವಲ್ಲ. ಆದರೆ ರಕ್ತನಾಳ ಉಳಿದ ಎಂಬತ್ತಾರು ದಿನದ ಲೆಕ್ಕವನ್ನೂ ಇಟ್ಟಿರುತ್ತದೆ.