ಉದ್ದೇಶ: ಸ್ವಂತ, ತಾರೀಖು: ಆದಷ್ಟು ಬೇಗ

ಸಂಬಳದ ಸರ್ಟಿಫಿಕೇಟು ಕೇಳಿಕೊಂಡು ನನ್ನ ಮೇಜಿನ ಮುಂದೆ ಬರುವವರು ಎರಡು ಬಗೆ. ಕೆಲವರು ಕಾರಣ ಹೇಳಲು ನಾಚುತ್ತಾರೆ. ಮಿಕ್ಕವರು ಕಾರಣವನ್ನು ಅಡಿಪಾಯದಿಂದ ಶುರುಮಾಡಿ ಗೃಹಪ್ರವೇಶದ ಊಟದವರೆಗೆ ಹೇಳುತ್ತಾರೆ. ಅರ್ಜಿ ಬರೆಯಲು ಕೂತಾಗ ಮಾತ್ರ ಎಲ್ಲರ ಕೈಯಲ್ಲೂ ಬರುವುದು ಒಂದೇ ವಾಕ್ಯ: 'ನನ್ನ ಸ್ವಂತ ಉದ್ದೇಶಕ್ಕಾಗಿ ವೇತನ ಪ್ರಮಾಣಪತ್ರವನ್ನು ಆದಷ್ಟು ಬೇಗ ನೀಡಬೇಕೆಂದು ಕೋರುತ್ತೇನೆ.'

ಲೆಕ್ಕಪತ್ರ ಶಾಖೆಯಲ್ಲಿ ಕೂತವನಿಗೆ ಈ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಸ್ವಂತ ಉದ್ದೇಶವಲ್ಲದೆ ಪಕ್ಕದ ಮನೆಯವರ ಉದ್ದೇಶಕ್ಕೆ ಯಾರು ಸಂಬಳದ ಚೀಟಿ ಕೇಳುತ್ತಾರೆ? ಕೇಳುತ್ತಾರೆ, ಅದೇ ತೊಂದರೆ. ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲುವವರಿಗೂ ಇದೇ ಪ್ರಮಾಣಪತ್ರ ಬೇಕು. ಕೋರ್ಟಿಗೆ, ವೀಸಾಕ್ಕೆ, ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾಗುವುದೂ ಇದೇ. ಸಹಿ ಹಾಕುವ ಡಿಡಿಒ ಸಾಹೇಬರಿಗೆ ಹೆದರಿಕೆ ಇರುವುದು ಇಲ್ಲಿಯೇ. ಒಂದೇ ಸಂಬಳ ತೋರಿಸಿ ಎರಡು ಕಡೆ ಸಾಲ ಎತ್ತಿದರೆ ನಾಳೆ ಬ್ಯಾಂಕಿನ ಕಾಗದ ಬರುವುದು ಸಾಹೇಬರ ಹೆಸರಿಗೆ. ಅದಕ್ಕೇ ಪ್ರಮಾಣಪತ್ರದ ಕೊನೆಗೆ 'ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ ಗೃಹಸಾಲ ಪಡೆಯುವ ಉದ್ದೇಶಕ್ಕೆ ಮಾತ್ರ' ಎಂದು ಒಂದು ಸಾಲು ಸೇರಿಸಿ, ಯಾವ ಉದ್ದೇಶಕ್ಕೆ ಕೊಟ್ಟೆವೆಂದು ರಿಜಿಸ್ಟರಿನಲ್ಲೂ ಬರೆದಿಟ್ಟುಕೊಳ್ಳುತ್ತೇವೆ. ಅರ್ಜಿಯಲ್ಲೇ ಅದಿಲ್ಲದಿದ್ದರೆ ನಾನು ಏನೆಂದು ಟೈಪು ಮಾಡಲಿ?

ನಮ್ಮ ಕಚೇರಿಯ ಸರ್ವೇಯರ್ ಒಬ್ಬರ ಅರ್ಜಿ ಹೀಗೆಯೇ ಬಂತು. ತಾಲ್ಲೂಕಿನ ಹೊಲಗದ್ದೆಗಳನ್ನೆಲ್ಲ ಅಳೆದು ಮುಗಿಸಿದ ಮನುಷ್ಯ, ನಲವತ್ತೈದನೇ ವಯಸ್ಸಿಗೆ ತಮ್ಮದೂ ಒಂದು ಮೂವತ್ತು-ನಲವತ್ತರ ಸೈಟು ಎಂದು ಮಾಡಿಕೊಂಡಿದ್ದರು. ತಿಂಗಳ ಇಪ್ಪತ್ಮೂರನೇ ತಾರೀಖು, ಸಂಬಳದ ಬಿಲ್ಲು ಖಜಾನೆಗೆ ಹೋಗುವ ಹೊತ್ತು. ಆ ದಿನಗಳಲ್ಲಿ ನಮ್ಮ ಶಾಖೆಗೆ ಯಾರು ಬಂದರೂ ನಾವು ಮುಖ ಎತ್ತುವುದಿಲ್ಲ. ಅದು ಗರ್ವವಲ್ಲ. ಕಂಪ್ಯೂಟರಿನಲ್ಲಿ ಎಚ್‌ಆರ್‌ಎಂಎಸ್ ಒಮ್ಮೆ ತೆರೆದುಕೊಂಡರೆ ಅದರ ಮುಂದಿನಿಂದ ಏಳಲು ಧೈರ್ಯ ಸಾಲದು.

"ಬ್ಯಾಂಕಿನವರು ಯಾವತ್ತಿಗೆ ಕೇಳಿದ್ದಾರೆ ಸಾರ್?" ಅಂದೆ.

"ಬೇಗ ಕೊಡಿ ಅಂದಿದ್ದಾರೆ."

"ಬೇಗ ಅನ್ನೋದಕ್ಕೆ ಕ್ಯಾಲೆಂಡರಿನಲ್ಲಿ ಮನೆ ಇಲ್ಲ ಸಾರ್, ತಾರೀಖು ಹೇಳಿ."

ಫೋನು ಮಾಡಿ ವಿಚಾರಿಸಿದರೆ ಬ್ಯಾಂಕಿನವರಿಗೆ ಬೇಕಾಗಿದ್ದುದು ಮುಂದಿನ ತಿಂಗಳ 12ಕ್ಕೆ. ಅಷ್ಟೇ ಅಲ್ಲ, ಅವರಿಗೆ ತೀರ ಈಚಿನ ಸಂಬಳದ ಲೆಕ್ಕ ಬೇಕು. ಹಿಂದಿನ ಮೂರು ತಿಂಗಳ ಪೇಸ್ಲಿಪ್ಪು, ಫಾರಂ 16, ಬ್ಯಾಂಕ್ ಖಾತೆಯ ವಿವರ ಎಲ್ಲವನ್ನೂ ಇದರ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಗಡಿಬಿಡಿಯಲ್ಲಿ ಇಪ್ಪತ್ಮೂರಕ್ಕೇ ಕೊಟ್ಟಿದ್ದರೆ ಅದು ಹಳೇ ತಿಂಗಳದ್ದಾಗಿ, ಹೊಸ ಸಂಬಳ ಬಂದ ಮೇಲೆ ಇನ್ನೊಂದನ್ನು ಕೊಡಬೇಕಾಗುತ್ತಿತ್ತು. ಇನ್ನೊಂದು ಎಚ್ಚರವೂ ಇದೆ. ತುಟ್ಟಿಭತ್ಯೆಯ ಬಾಕಿ ಸೇರಿ ಬಂದ ತಿಂಗಳನ್ನು ತೋರಿಸಿದರೆ ಒಟ್ಟು ಸಂಬಳ ಉಬ್ಬಿ ಕಾಣುತ್ತದೆ. ಅರ್ಜಿದಾರರಿಗೆ ಅದು ಖುಷಿ. ಬ್ಯಾಂಕಿನವರು ಮೂರು ಪೇಸ್ಲಿಪ್ಪು ಸಾಲಾಗಿ ಜೋಡಿಸಿದ ಕೂಡಲೇ ಆ ಉಬ್ಬು ಇಳಿಯುತ್ತದೆ, ಜೊತೆಗೆ ಅನುಮಾನವೂ ಹುಟ್ಟುತ್ತದೆ.

ಕಡೆಗೆ ಅವರದೇ ಕೈಯಲ್ಲಿ ಹೊಸ ಅರ್ಜಿ ಬರೆಸಿದೆ. ವಿಷಯ: ಗೃಹಸಾಲಕ್ಕಾಗಿ ವೇತನ ಪ್ರಮಾಣಪತ್ರ ಕೋರಿ. 'ನಿವೇಶನದಲ್ಲಿ ಮನೆ ಕಟ್ಟಲು ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ 30 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಸಲ್ಲಿಸಿದ್ದು, ಈ ತಿಂಗಳ ವೇತನದ ವಿವರ, ಕಡಿತಗಳು ಹಾಗೂ ನಿವೃತ್ತಿಯ ದಿನಾಂಕ ಒಳಗೊಂಡ ಪ್ರಮಾಣಪತ್ರವನ್ನು ಲಗತ್ತಿಸಿರುವ ಬ್ಯಾಂಕಿನ ನಮೂನೆಯಲ್ಲಿ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ನೀಡಬೇಕೆಂದು ಕೋರುತ್ತೇನೆ.' 12 ಅಲ್ಲ, 10. ಸಾಹೇಬರು ಮೀಟಿಂಗಿಗೆ ಹೋಗುವ ದಿನವನ್ನೂ, ಸೀಲಿನ ಇಂಕ್ ಪ್ಯಾಡು ಒಣಗುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮೂನೆಯನ್ನು ಜೊತೆಗಿಡುವುದೂ ಅಷ್ಟೇ ಮುಖ್ಯ. ನಾವು ನಮ್ಮ ಧಾಟಿಯಲ್ಲಿ ಚೆಂದವಾಗಿ ಬರೆದುಕೊಟ್ಟದ್ದನ್ನು ಬ್ಯಾಂಕಿನವರು ನಮ್ಮ ಫಾರಮ್ಮಿನಲ್ಲೇ ತನ್ನಿ ಎಂದು ಹಿಂದಕ್ಕೆ ಕಳಿಸುವುದುಂಟು.

ಅರ್ಜಿ ಟಪಾಲಿಗೆ ಸೇರಿತೋ ಇಲ್ಲವೋ, ಕಚೇರಿಯಿಡೀ ಸುದ್ದಿ. ಒಬ್ಬರು ವಾಸ್ತು ಹೇಳಿದರು, ಇನ್ನೊಬ್ಬರು ಬೋರ್‌ವೆಲ್ಲಿನವನ ನಂಬರು ಕೊಟ್ಟರು. ಮೂರನೆಯವರು ಜಾಮೀನು ಕೇಳಿಬಿಟ್ಟಾರೆಂಬ ಅಂಜಿಕೆಗೆ ಕ್ಯಾಂಟೀನಿಗೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡರು.

ಸಂಬಳವಾದ ಮೇಲೆ ಪ್ರಮಾಣಪತ್ರ ತಯಾರು ಮಾಡುವಾಗ ನೋಡಿದೆ. ಒಟ್ಟು ಸಂಬಳ 78,000. ಪಿಂಚಣಿ ವಂತಿಗೆ, ಕೆಜಿಐಡಿ, ವೃತ್ತಿ ತೆರಿಗೆ, ಆದಾಯ ತೆರಿಗೆ ಎಲ್ಲ ಸೇರಿ 12,000 ಕಡಿತ. ಅದು ಕಳೆದರೆ 66,000. ಆಮೇಲೆ ಸೊಸೈಟಿ ಸಾಲದ ಕಂತು 6,000, ಹಬ್ಬದ ಮುಂಗಡದ ಕಂತು 2,500. ಆ ಬ್ಯಾಂಕಿನ ಲೆಕ್ಕದಂತೆ ಎಲ್ಲ ಕಂತುಗಳೂ ಸೇರಿ 66,000ದ ಅರ್ಧ, ಅಂದರೆ 33,000 ದಾಟಬಾರದು. ಅದರಲ್ಲಿ 8,500 ಆಗಲೇ ಹೋಗಿದೆ. ಹೊಸ ಸಾಲದ ಕಂತಿಗೆ ಉಳಿಯುವುದು 24,500.

ಸರ್ವೇಯರ್ ಅವರು ಇಪ್ಪತ್ತು ವರ್ಷದ ಸಾಲದ ಲೆಕ್ಕದಲ್ಲಿದ್ದರು. ಶೇಕಡಾ 8.5ರ ಬಡ್ಡಿಗೆ 30 ಲಕ್ಷಕ್ಕೆ ತಿಂಗಳಿಗೆ ಸುಮಾರು 26,000 ಕಂತು. ಆದರೆ ಪ್ರಮಾಣಪತ್ರದಲ್ಲಿ ಹುಟ್ಟಿದ ತಾರೀಖೂ ನಿವೃತ್ತಿಯ ತಾರೀಖೂ ಇರುತ್ತವೆ. ಅರವತ್ತಕ್ಕೆ ನಿವೃತ್ತಿ, ಈಗ ನಲವತ್ತೈದು. ಸಾಲವನ್ನು ಸೇವೆಯೊಳಗೇ ತೀರಿಸಿ ಎಂದು ಬ್ಯಾಂಕು ಹಟ ಹಿಡಿದರೆ ಹದಿನೈದೇ ವರ್ಷ, ಕಂತು ಇಪ್ಪತ್ತೊಂಬತ್ತೂವರೆ ಸಾವಿರ. ಅವರಿಗೆ ಉಳಿದಿರುವ 24,500 ಕಂತಿಗೆ ಹದಿನೈದು ವರ್ಷದಲ್ಲಿ ಸಿಗುವ ಸಾಲ ಇಪ್ಪತ್ತೈದು ಲಕ್ಷಕ್ಕೂ ತುಸು ಕಡಿಮೆ.

ಆಗ ಒಂದು ಕೆಲಸ ಮಾಡಿದೆ. ಷರಾ ಕಾಲಮ್ಮಿನಲ್ಲಿ 'ಹಬ್ಬದ ಮುಂಗಡದ ಎರಡು ಕಂತುಗಳು ಮಾತ್ರ ಬಾಕಿ ಇವೆ' ಎಂದು ಸೇರಿಸಿದೆ. ಅದು ನಿಜವೇ, ಪೇಸ್ಲಿಪ್ಪಿನಲ್ಲೂ ಕಂತಿನ ಸಂಖ್ಯೆ ಕಾಣುತ್ತದೆ. ಆದರೆ ಅದನ್ನು ಹುಡುಕಿ ನೋಡುವ ವ್ಯವಧಾನ ಬ್ಯಾಂಕಿನ ಮೇಜಿನ ಹಿಂದೆ ಎಲ್ಲರಿಗೂ ಇರುವುದಿಲ್ಲ. ಎರಡು ತಿಂಗಳಲ್ಲಿ ತೀರುವ ಕಂತನ್ನು ಮ್ಯಾನೇಜರು ಕೈಬಿಟ್ಟರು. 24,500 ಇದ್ದದ್ದು 27,000 ಆಯಿತು, ಸಾಲ ಇಪ್ಪತ್ತೇಳು ಲಕ್ಷ ದಾಟಿತು. ಆ ಒಂದು ಸಾಲಿನ ಬೆಲೆ ಎರಡೂವರೆ ಲಕ್ಷ ರೂಪಾಯಿ. ನಾನು ಬರೆದ ಸಾಲುಗಳಲ್ಲಿ ಇಷ್ಟು ದುಬಾರಿಯದು ಬೇರೊಂದಿಲ್ಲ, ಅದಕ್ಕೆ ಸಿಕ್ಕಿದ್ದು ಒಂದು ಬೈಟು ಕಾಫಿ.

ಸೊಸೈಟಿ ಸಾಲವನ್ನು ಹೀಗೆ ಸಣ್ಣದು ಮಾಡಲಾಗಲಿಲ್ಲ. ಅದು ಇನ್ನೂ ಮೂರು ವರ್ಷ ಇತ್ತು. "ಅದೊಂದನ್ನು ಹಾಕಬೇಡಿ, ಯಾರಿಗೆ ಗೊತ್ತಾಗುತ್ತೆ" ಅಂದರು ಸರ್ವೇಯರ್. ತಿಂಗಳಾ ತಿಂಗಳಾ ಸಂಬಳದಲ್ಲೇ ಹಿಡಿಯುವ ಕಂತು, ಪೇಸ್ಲಿಪ್ಪಿನಲ್ಲಿ ದಪ್ಪಕ್ಷರದಲ್ಲಿ ಕೂತಿದೆ. ಒತ್ತುವರಿಯನ್ನು ನಕ್ಷೆಯಲ್ಲಿ ತೋರಿಸಬೇಡಿ ಎಂದು ರೈತರು ಕೇಳಿದಾಗ ನೀವು ಏನು ಹೇಳುತ್ತೀರಿ ಸಾರ್ ಅಂದೆ. ಸುಮ್ಮನಾದರು.

ಸಾಲದೇ ಬಂದ ಎರಡೂವರೆ ಲಕ್ಷ ಚಿಲ್ಲರೆಗೆ ಅನುದಾನಿತ ಶಾಲೆಯಲ್ಲಿ ಪಾಠ ಹೇಳುವ ಅವರ ಮನೆಯವರನ್ನು ಸಹ-ಅರ್ಜಿದಾರರಾಗಿ ಸೇರಿಸಿಕೊಳ್ಳಿ ಎಂದು ಬ್ಯಾಂಕಿನವರೇ ಸೂಚಿಸಿದರು. ಆ ಪ್ರಮಾಣಪತ್ರ ಬರಬೇಕಾದ್ದು ಅವರ ಮುಖ್ಯೋಪಾಧ್ಯಾಯರಿಂದ, ಅಲ್ಲಿ ನನ್ನ ಕೈ ಹೋಗುವುದಿಲ್ಲ. ಸರ್ವೇಯರ್ ಸಾಹೇಬರೇ ಹೆಂಡತಿಯ ಅರ್ಜಿಯ ಕರಡು ಬರೆದು ನನಗೆ ತೋರಿಸಲು ತಂದರು. ಉದ್ದೇಶ ಇತ್ತು, ಬ್ಯಾಂಕಿನ ಹೆಸರು ಇತ್ತು, ತಾರೀಖೂ ಇತ್ತು, ಬಿಲ್ಲಿನ ದಿನಗಳನ್ನು ತಪ್ಪಿಸಿಯೇ ಬರೆದಿದ್ದರು. ಅವರು ಗುರುತಿಸಿದ್ದ ದಿನ ದಸರಾ ರಜೆಯ ನಟ್ಟನಡುವೆ ಬರುತ್ತಿತ್ತು.