ನಿಮ್ಮ ಎಮರ್ಜೆನ್ಸಿ ಕಾಂಟ್ಯಾಕ್ಟು ಪಕ್ಕದ ಸೀಟಲ್ಲೇ ಕೂತಿದ್ದಾರಲ್ಲ!

ಕೆಂಪಾಪುರದವ್ರೇ, ಒಂದ್ನಿಮಿಷ ಫೋನ್ ಈಚೆ ತೆಗೀರಿ. ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಯಾರ ಹೆಸರು ಹಾಕಿದ್ದೀರಿ? ಬೇಡ, ನಾನೇ ಹೇಳ್ತೀನಿ. ಮನೆಯವರ ಹೆಸರು. ಅದೊಂದೇ ಹೆಸರು. (ಅದೂ ಇಲ್ವಾ? ಹೋಗ್ಲಿ ಬಿಡಿ, ಯಾರಿಗೂ ಹೇಳಲ್ಲ.)

ಸರಿ, ಭಾನುವಾರ ಬೆಳಗಿನ ಜಾವ ಬಳ್ಳಾರಿ ರೋಡು ಖಾಲಿ ಇರುವಾಗಲೇ ನಂದಿಬೆಟ್ಟಕ್ಕೋ ಸ್ಕಂದಗಿರಿಗೋ ಹೊರಡ್ತೀರಲ್ಲ, ಆಗ ಪಕ್ಕದ ಸೀಟಲ್ಲಿ ಕೂತಿರೋದು ಯಾರು? ಅವರೇ! ನೀವು ಬಂಡೆ ಮೇಲಿಂದ ಜಾರಿದರೆ ನಿಮ್ಮ ಫೋನು ಯಾರಿಗೆ ಮೆಸೇಜ್ ಕಳಿಸುತ್ತೆ? ಪಕ್ಕದಲ್ಲೇ ನಿಂತು "ಅಯ್ಯೋ ರೀ" ಅಂತ ಕಿರುಚ್ತಾ ಇರೋರಿಗೆ. ಅವರಿಗೆ ಗೊತ್ತಿಲ್ಲದ ಸಮಾಚಾರವಾ ಅದು?

ಹಾಗಾಗಿ ಇನ್ನೊಂದು ಹೆಸರು ಸೇರಿಸಿ, ಬೆಟ್ಟಕ್ಕೆ ಬಾರದೆ ಮನೇಲಿ ಮಲಗಿರೋ ನಿಮ್ಮ ಭಾಮೈದನದ್ದು. ಆಂಡ್ರಾಯ್ಡ್ ಫೋನಾದ್ರೆ ಸೆಟ್ಟಿಂಗ್ಸ್‌ನಲ್ಲಿ Safety & emergency ಅಂತ ಇರುತ್ತೆ, ಐಫೋನಾದ್ರೆ ಹೆಲ್ತ್ ಆ್ಯಪಿನೊಳಗೆ Medical ID. ನಂಬರ್ ಮುಂದೆ +91 ಇರಲಿ. ಅಲ್ಲೇ ನಿಮ್ಮ ಬ್ಲಡ್ ಗ್ರೂಪು, ಶುಗರ್ ಮಾತ್ರೆ ಎಲ್ಲ ಬರೆದು, ಫೋನ್ ಲಾಕ್ ಇದ್ದಾಗಲೂ ಕಾಣೋ ಹಾಗೆ ಆನ್ ಮಾಡಿ. (ತೂಕ ಕೇಳಿದ್ರೆ ನಿಜ ಹೇಳಿ. ಎತ್ತೋರಿಗೆ ಬೇಕಾಗುತ್ತೆ.)

"ಅಷ್ಟೆಲ್ಲ ಯಾಕ್ರೀ, ವಾಟ್ಸಾಪಲ್ಲಿ ಲೈವ್ ಲೊಕೇಷನ್ ಹಾಕಿಬಿಟ್ರೆ ಆಯ್ತಲ್ಲ" ಅಂತೀರಿ. ನೀವು ಅನ್ನೋದು ನಂಗೊತ್ತಿತ್ತು. ಅದಕ್ಕೆ ಡೇಟಾ ಬೇಕು. ಬೆಟ್ಟದ ಹಿಂಬದಿ ಇಳೀತಿದ್ದ ಹಾಗೆ ಡೇಟಾ ಮೊದಲು ಸಾಯುತ್ತೆ, ಮನೇಲಿರೋರ ಮ್ಯಾಪಲ್ಲಿ ನೀವು ಅರ್ಧ ಗಂಟೆ ಹಿಂದೆ ಟೀ ಕುಡಿದ ಜಾಗದಲ್ಲೇ ನಿಂತಿರ್ತೀರಿ. ಅವರು "ಇನ್ನೂ ಟೀ ಕುಡೀತಾವ್ರೆ" ಅಂದ್ಕೊಂಡು ಮಗ್ಗಲು ಬದಲಾಯಿಸ್ತಾರೆ.

ಎಸ್ಸೆಮ್ಮೆಸ್ ಬೇರೆ ಜಾತಿ. ಒಂದೇ ಒಂದು ಕಡ್ಡಿ ಬಂದು ಬಂದು ಹೋಗ್ತಿದ್ರೂ ಸಾಕು, ಆ ಒಂದೆರಡು ಸೆಕೆಂಡಲ್ಲಿ ತೂರಿಕೊಂಡು ಹೋಗುತ್ತೆ. ಅಲ್ಲಿಂದ ಕಂಪನಿಯ ಮೆಸೇಜ್ ಸೆಂಟರಿನಲ್ಲಿ ಕೂತು, ಆ ಕಡೆಯವರ ಫೋನಿಗೆ ಸಿಗ್ನಲ್ ಬಂದಾಗ ತಲುಪುತ್ತೆ. ಆದ್ರೆ ಕಡ್ಡಿ ಪೂರ್ತಿ ಸೊನ್ನೆ ಆದ್ರೆ ಎಸ್ಸೆಮ್ಮೆಸ್ಸೂ ಇಲ್ಲ, ಮಣ್ಣೂ ಇಲ್ಲ. ಅದನ್ನೂ ತಿಳ್ಕೊಂಡಿರಿ. Emergency calls only ಅಂತ ತೋರಿಸ್ತಿದ್ರೆ ನಿಮ್ಮ ಕಂಪನಿ ಟವರ್ ಇಲ್ಲ, ಬೇರೆಯವರದ್ದು ಇದೆ ಅಂತ. ಆಗ ಮೆಸೇಜ್ ಹೋಗಲ್ಲ, 112ಕ್ಕೆ ಕಾಲ್ ಹೋಗುತ್ತೆ.

ಈಗ ಒಳಗಿನ ಗುಟ್ಟು ಹೇಳ್ತೀನಿ, ಹತ್ರ ಬನ್ನಿ. ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸೋದು ಇಂಗ್ಲಿಷಲ್ಲಿ ಬರೆದ್ರೆ ಮಾತ್ರ. ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂತೋ, ಇಡೀ ಮೆಸೇಜಿನ ಲೆಕ್ಕ 70ಕ್ಕೆ ಇಳಿಯುತ್ತೆ. ಆ 70ರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಬಿದ್ದಿದ್ದೀನಿ" ಅನ್ನೋದು ನಮ್ಮ ಕಣ್ಣಿಗೆ ನಾಲ್ಕಕ್ಷರ, ಫೋನಿನ ಲೆಕ್ಕದಲ್ಲಿ 12!

ನೀವೋ, ಮೆಸೇಜ್ ಅಂದ್ರೆ "ನಮಸ್ಕಾರ, ಹೇಗಿದ್ದೀರಿ" ಇಂದ ಶುರು ಮಾಡೋರು. ಕೊನೇಲಿ ಕೈಮುಗಿಯೋ ಇಮೋಜಿ ಬೇರೆ. (ಆ ಇಮೋಜಿ ಒಂದೇ ಸಾಕು, 160ನ್ನ 70 ಮಾಡೋಕೆ.) ಉದ್ದ ಆದ್ರೆ ಮೆಸೇಜು ಎರಡು ಮೂರು ತುಂಡಾಗಿ ಹೋಗುತ್ತೆ. ಕಡ್ಡಿ ಬಂದು ಹೋಗೋ ಜಾಗದಲ್ಲಿ ಒಂದು ತುಂಡು ಹೋಗಿ ಇನ್ನೊಂದು ಉಳಿದ್ರೆ, ಆ ಕಡೆಯವರಿಗೆ ಪೂರ್ತಿ ಓದೋಕೆ ಸಿಗಲ್ಲ. ಕನ್ನಡಾಭಿಮಾನ ಬೆಟ್ಟ ಇಳಿದ ಮೇಲೆ ಇಟ್ಕೊಳ್ಳೋಣ. ಮೇಲಿದ್ದಾಗ ಹೀಗೆ:

```
HELP. FELL, LEG HURT. 2 PEOPLE. 13.3702,77.6835 AT 7.40AM. CALL 112
```

ಮಧ್ಯದಲ್ಲಿರೋ ಆ ಎರಡು ಸಂಖ್ಯೆಗಳೇ ಮೆಸೇಜಿನ ಜೀವ. ಮೊದಲನೇದು ಅಕ್ಷಾಂಶ, ಎರಡನೇದು ರೇಖಾಂಶ, ಇಲ್ಲಿ ನಂದಿಬೆಟ್ಟದ್ದು. ಮ್ಯಾಪಲ್ಲಿ ನಿಮ್ಮ ನೀಲಿ ಚುಕ್ಕೆ ಮೇಲೆ ಬೆರಳು ಒತ್ತಿ ಹಿಡಿದ್ರೆ ಸಿಗುತ್ತೆ. ಐಫೋನಿನ ಕಂಪಾಸ್ ಆ್ಯಪಿನ ಕೆಳಗಡೆನೂ ಕಾಣುತ್ತೆ. ಪಾಯಿಂಟ್ ಆದ ಮೇಲೆ ನಾಲ್ಕು ಅಂಕಿ ಬರೆದ್ರೆ ಹತ್ತು ಹನ್ನೊಂದು ಮೀಟರ್ ಲೆಕ್ಕಕ್ಕೆ ಬರುತ್ತೆ. ಎರಡೇ ಅಂಕಿ ಬರೆದು ಸೋಮಾರಿತನ ಮಾಡಿದ್ರೆ ಒಂದು ಕಿಲೋಮೀಟರ್ ಆಚೀಚೆ ಹುಡುಕಬೇಕು.

ಎರಡನ್ನೂ ಅದಲು ಬದಲು ಮಾಡಿದ್ರೆ? 77 ಮೊದಲು, 13 ಆಮೇಲೆ? ಆಗ ನೀವು ಉತ್ತರ ಧ್ರುವದ ದಾರೀಲಿ, ನಾರ್ವೆಯವರ ಸ್ವಾಲ್ಬಾರ್ಡ್ ದ್ವೀಪಗಳ ಅಂಚಿಗೆ ಹೋಗಿ ಬೀಳ್ತೀರಿ. ಹುಡುಕೋಕೆ ಬರೋರಿಗೆ ಸ್ವೆಟರ್ ಸಾಲಲ್ಲ.

ಡೇಟಾ ಇಲ್ದೆ ಲೊಕೇಷನ್ ಹೆಂಗೆ ಸಿಗುತ್ತೆ ಅಂತ ಹುಬ್ಬೇರಿಸ್ಬೇಡಿ. ಜಿಪಿಎಸ್ ಸಿಗ್ನಲ್ ನೇರ ಉಪಗ್ರಹದಿಂದ ಬರೋದು, ಟವರಿಗೂ ಅದಕ್ಕೂ ಸಂಬಂಧ ಇಲ್ಲ. ಡೇಟಾ ಇದ್ರೆ ಬೇಗ ಸಿಗುತ್ತೆ, ಇಲ್ದಿದ್ರೆ ಆಕಾಶ ಕಾಣೋ ಜಾಗದಲ್ಲಿ ಒಂದಷ್ಟು ನಿಮಿಷ ಕಾಯಬೇಕು. ನೀಲಿ ಚುಕ್ಕೆ ಸುತ್ತ ದೊಡ್ಡ ತೆಳು ವೃತ್ತ ಇರೋವರೆಗೂ ನಂಬ್ಬೇಡಿ. ಅದು ಕುಗ್ಗಿದ ಮೇಲೆ ನಂಬರ್ ತಗೊಳ್ಳಿ.

ಇದೆಲ್ಲ ಕಥೆ ಅನ್ಕೊಂಡ್ರಾ? 2022ರ ಫೆಬ್ರವರಿ 20, ಅವತ್ತೂ ಭಾನುವಾರವೇ. ನಂದಿಬೆಟ್ಟದ ಹತ್ತಿರದ ಬ್ರಹ್ಮಗಿರೀಲಿ 19 ವರ್ಷದ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಜಾರಿ ಬಂಡೆಯಲ್ಲಿ ಸಿಕ್ಕಿಕೊಂಡ. ಬಂದಿದ್ದು ಒಬ್ಬನೇ. ಆದ್ರೆ ಫೋನಲ್ಲಿ ಪೊಲೀಸರಿಗೆ ತನ್ನ ಲೊಕೇಷನ್ ಮುಟ್ಟಿಸಿದ. ಕೆಳಗಿಂದ ಹತ್ತಿ ಹೋಗೋಕೆ ಆಗದೆ, ನಮ್ಮ ಯಲಹಂಕದ ವಾಯುನೆಲೆಯಿಂದಲೇ ಎಂಐ-17 ಹೆಲಿಕಾಪ್ಟರ್ ಹೋಗಿ ಅವನನ್ನ ಮೇಲಕ್ಕೆತ್ತಿಕೊಂಡು ಬಂತು. ಅವನಿಗೆ ಸಿಗ್ನಲ್ ಸಿಕ್ಕಿತ್ತು ಅನ್ನೋದನ್ನ ಮಾತ್ರ ಮರೀಬೇಡಿ.

ಇನ್ನು ಪವರ್ ಬಟನ್ನು. 2017ರಿಂದ ನಮ್ಮಲ್ಲಿ ಮಾರೋ ಫೋನುಗಳಿಗೆ ಪ್ಯಾನಿಕ್ ಬಟನ್ ಇರಲೇಬೇಕು ಅಂತ ರೂಲಿದೆ. ಕೆಲವದರಲ್ಲಿ ಮೂರು ಸಲ, ಕೆಲವದರಲ್ಲಿ ಐದು ಸಲ ಪಟಪಟ ಒತ್ತಬೇಕು. ನಿಮ್ಮದು ಯಾವುದು ಅಂತ ಸೆಟ್ಟಿಂಗ್ಸಲ್ಲಿ ಓದಿ ತಿಳ್ಕೊಳ್ಳಿ, ಒತ್ತಿ ನೋಡ್ಬೇಡಿ. (ಈಗ ಹೆಬ್ಬೆಟ್ಟು ಅಲ್ಲೇ ಹೋಯ್ತಲ್ವಾ? ತೆಗೀರಿ ಕೈ! 112ನೋರು ಪಾಪ, ಬೇರೆ ಕೆಲಸದಲ್ಲಿರ್ತಾರೆ.)

ಒತ್ತಿ ನೋಡಬೇಕಾದ್ದು ಬೇರೆ ಇದೆ. ಇವತ್ತು ಸಾಯಂಕಾಲ ತಾರಸಿಗೆ ಹೋಗಿ. ವೈಫೈ, ಮೊಬೈಲ್ ಡೇಟಾ ಎರಡೂ ಆಫ್ ಮಾಡಿ, ಲೊಕೇಷನ್ ಮಾತ್ರ ಆನ್ ಇರಲಿ. ನಂಬರ್ ತೆಗೆದು ಮನೇಲಿರೋ ಆ ಎರಡನೇ ಹೆಸರಿಗೆ ಎಸ್ಸೆಮ್ಮೆಸ್ ಕಳಿಸಿ, ಮೊದಲ ಪದ TEST ಇರಲಿ. ಹೋಗದೆ ಹಾಗೇ ಸುತ್ತುತ್ತಾ ಕೂತ್ರೆ, ನೀವು ಎಸ್ಸೆಮ್ಮೆಸ್ ಅಂದ್ಕೊಂಡಿದ್ದು ಎಸ್ಸೆಮ್ಮೆಸ್ಸೇ ಅಲ್ಲ, ಡೇಟಾ ಮೇಲೆ ಹೋಗೋ ಚಾಟು. ಮೆಸೇಜ್ ಆ್ಯಪಿನ RCS ಸೆಟ್ಟಿಂಗಲ್ಲಿ, ಡೇಟಾ ಇಲ್ದಿದ್ರೆ ತಾನಾಗೇ ಎಸ್ಸೆಮ್ಮೆಸ್ ಆಗಿ ಕಳಿಸೋ ಆಯ್ಕೆ ಇರುತ್ತೆ, ಆನ್ ಮಾಡಿ. ಐಫೋನಲ್ಲಿ ಅದರ ಹೆಸರು Send as Text Message. ಆಗ್ಲೂ ಹೋಗ್ಲಿಲ್ವಾ? ಹಾಗಾದ್ರೆ ಅಗ್ಗ ಅಂತ ನೀವು ಹಾಕಿಸಿದ ರೀಚಾರ್ಜಲ್ಲಿ ಎಸ್ಸೆಮ್ಮೆಸ್ ಇದ್ಯಾ ನೋಡಿ!

ಹೋಯ್ತಾ? ಭೇಷ್. ಈಗ ಕೆಳಗಿಳಿದು ಬಂದು ಆ ಭಾಮೈದನ ಫೋನ್ ಇಸ್ಕೊಳ್ಳಿ. ನಿಮ್ಮ TEST ಎಲ್ಲಿದೆ? ಲೋನ್ ಬೇಕಾ ಅನ್ನೋರು, ಸೈಟ್ ಬೇಕಾ ಅನ್ನೋರು, ಒಟಿಪಿ, ಬ್ಯಾಂಕು, ಎಲ್ಲದರ ಕೆಳಗೆ ಓದದೆ ಬಿದ್ದಿದೆ, ಸೌಂಡೂ ಆಫ್. ನಿಮ್ಮ ನಂಬರಿಗೆ ಜೋರಾದ ಬೇರೆ ಸೌಂಡು ಹಾಕ್ಕೊಡಿ. ಆ ಎರಡು ಸಂಖ್ಯೇನ ಮ್ಯಾಪಿನ ಸರ್ಚಲ್ಲಿ ಹಾಕಿದ್ರೆ ಜಾಗ ಬರುತ್ತೆ, ಅದನ್ನೇ 112ಕ್ಕೆ ಓದಿ ಹೇಳಬೇಕು ಅಂತ ತೋರಿಸಿಕೊಡಿ. ಅವನು "ಭಾವ, ಇದನ್ನ ವಾಟ್ಸಾಪಲ್ಲಿ ಕಳಿಸ್ಬೋದಿತ್ತಲ್ಲ" ಅಂದ್ರೆ, ಮೂರನೇ ಹೆಸರು ಹುಡುಕಿ.