ಸೌಮ್ಯ, ಬೆಂಗಳೂರು

ಕರ್ನಾಟಕದಲ್ಲಿ ಎಲ್ಲರಿಗಿಂತ ಸಂತೃಪ್ತ ಜೀವ ಯಾರು ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ: ಸೌಮ್ಯ, ಬೆಂಗಳೂರು. ಕೂದಲೆಣ್ಣೆಯ ಕರಪತ್ರದಲ್ಲಿ ಆಕೆ ಇದ್ದಾಳೆ. ಹಾಸಿಗೆ ಅಂಗಡಿಯ ಕ್ಯಾಟಲಾಗಿನಲ್ಲೂ ಇದ್ದಾಳೆ, ಅಡುಗೆಮನೆ ಕಪಾಟು ಮಾಡಿಸಿಕೊಂಡು ಅಲ್ಲೂ ಕುಣಿದಾಡಿದ್ದಾಳೆ. ಪ್ರತಿ ಕಡೆ ಮುಖ ಬೇರೆ, ಮಾತು ಮಾತ್ರ ಒಂದೇ: "ಅದ್ಭುತ ಗುಣಮಟ್ಟ, ಅತ್ಯುತ್ತಮ ಸೇವೆ!!!" ಅವಳಿಗೆ ಯಾವ ಸಾಮಾನೂ ತಡವಾಗಿ ಬಂದಿಲ್ಲ, ಯಾವ ಬಾಗಿಲೂ ಕಿರ್ರೆಂದಿಲ್ಲ. ಅವಳ ಪಕ್ಕದ ಚೌಕದಲ್ಲಿ ರಮೇಶ್, ಹುಬ್ಬಳ್ಳಿ ಇರುತ್ತಾನೆ. ಅವನದೂ ಅದೇ ಜಾತಕ.

ಸೌಮ್ಯ ಹುಟ್ಟುವುದು ವ್ಯಾಪಾರಿಯ ದುಷ್ಟತನದಿಂದಲ್ಲ, ಸಂಕೋಚದಿಂದ. ನಿಜವಾದ ಗಿರಾಕಿಯನ್ನು ಕೇಳಲು ನಾಚಿಕೆ. ಕೇಳುವ ಧೈರ್ಯವಿದ್ದವರು ಕೇಳುವ ಹೊತ್ತು ಇನ್ನೊಂದು ಚೆಂದ. ಬಿಲ್ಲಿನ ಕೌಂಟರಿನಲ್ಲಿ ಹುಡುಗ ನಮ್ಮ ಫೋನನ್ನೇ ಕೈಗೆ ತೆಗೆದುಕೊಂಡು, "ಸರ್, ಒಂದು ಫೈವ್ ಸ್ಟಾರ್ ಒತ್ತಿಬಿಡಿ ಸರ್, ಓನರ್ ನೋಡ್ತಾರೆ" ಅನ್ನುತ್ತಾನೆ. ಪೊಟ್ಟಣ ಇನ್ನೂ ಬಿಚ್ಚಿಲ್ಲ. ನಾನು ಅಭಿಪ್ರಾಯ ಕೊಡಬಹುದಾದದ್ದು ಪೊಟ್ಟಣದ ಬಣ್ಣದ ಬಗ್ಗೆ, ಹೆಚ್ಚೆಂದರೆ ಆ ಹುಡುಗನ ಕಷ್ಟದ ಬಗ್ಗೆ.

ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ಸಾಂಬಾರ್ ಪುಡಿ ಮಾಡಿ ಮಾರುವ ಹೆಂಗಸೊಬ್ಬರಿದ್ದಾರೆ. ಊರಿಗೆಲ್ಲ ಅವರು ಪುಡಿ ಅಮ್ಮ. ನಾಲ್ಕು ಪುಟದ ಕ್ಯಾಟಲಾಗು ಮಾಡಿಸಲು ಹೊರಟರು. ಡಿಟಿಪಿ ಗೊತ್ತಿರುವ ಸೋದರಳಿಯ ಕೊನೆಯ ಪುಟಕ್ಕೆ ಆರು ಚೌಕ ಎಳೆದು, ಮೊದಲನೆಯದರಲ್ಲಿ ಆಗಲೇ ಸೌಮ್ಯಳನ್ನು ಕೂರಿಸಿದ್ದ. ಪುಡಿ ಅಮ್ಮ ಕನ್ನಡಕ ಏರಿಸಿಕೊಂಡು ಕೇಳಿದರು: "ಯಾರಪ್ಪಾ ಇವಳು? ನನ್ನ ಬಿಲ್ ಪುಸ್ತಕದಲ್ಲಿ ಇಲ್ಲವಲ್ಲ."

ಹುಡುಗನ ಕಲಾಸೇವೆ ಅಲ್ಲಿಗೆ ನಿಂತು, ಲೆಕ್ಕ ಶುರುವಾಯಿತು. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿನ ಹುಳಿಗೆ ಸುಮಾರು 10 ಗ್ರಾಂ ಪುಡಿ ಬೇಕು. 250 ಗ್ರಾಂ ಪೊಟ್ಟಣ 25 ಸಲಕ್ಕೆ ಬರುತ್ತದೆ. ದಿನ ಬಿಟ್ಟು ದಿನ ಮಾಡುವವರೂ ಮೂರು ವಾರದಲ್ಲಿ ಹತ್ತು ಸಲವಾದರೂ ಬಳಸಿರುತ್ತಾರೆ. ಕೇಳುವುದಾದರೆ ಆಗ ಕೇಳಬೇಕು. ಇನ್ನೂ ಒಳ್ಳೆಯ ಗಳಿಗೆ ಎಂದರೆ ಎರಡನೆಯ ಪೊಟ್ಟಣಕ್ಕೆ ಫೋನ್ ಬಂದಾಗ. ಮತ್ತೆ ದುಡ್ಡು ಕೊಡಲು ಬಂದವರು ಸಂತೋಷವಾಗಿದ್ದಾರೆಂದು ನಂಬಲು ನಕ್ಷತ್ರ ಎಣಿಸಬೇಕಾಗಿಲ್ಲ.

ಪುಡಿ ಅಮ್ಮ ಗಿರಾಕಿಗಳಿಗೆ ಕಳಿಸಿದ ಸಂದೇಶ ಹೀಗಿತ್ತು: "ನಮಸ್ಕಾರ. ಹೋದ ತಿಂಗಳು ನಮ್ಮ ಸಾಂಬಾರ್ ಪುಡಿ ತಗೊಂಡಿದ್ರಿ. ಏನೇನು ಮಾಡಿದ್ರಿ, ಹೇಗಾಯ್ತು, ಏನು ಸರಿಹೋಗಲಿಲ್ಲ, ಎರಡು ಸಾಲು ಬರೆದರೆ ಉಪಕಾರ. ನೀವು ಒಪ್ಪಿದರೆ ಮಾತ್ರ ಕ್ಯಾಟಲಾಗಿನಲ್ಲಿ ಹಾಕ್ತೀನಿ, ಅಚ್ಚಿಗೆ ಮುಂಚೆ ತೋರಿಸ್ತೀನಿ. ಬಿಡುವಿಲ್ಲದಿದ್ದರೆ ಬೇಡ, ಬೇಜಾರಿಲ್ಲ." ಇದರಲ್ಲಿ ನಕ್ಷತ್ರದ ಸುದ್ದಿಯೇ ಇಲ್ಲ, "ಚೆನ್ನಾಗಿತ್ತಲ್ವಾ?" ಎಂದು ಬಾಯಿಗೆ ಮಾತು ತುರುಕುವುದೂ ಇಲ್ಲ. ಉತ್ತರ ಬಾರದವರಿಗೆ ವಾರ ಬಿಟ್ಟು ಒಮ್ಮೆ ನೆನಪಿಸಿದರು, ಆಮೇಲೆ ಸುಮ್ಮನಾದರು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ "ಮರೆಯಬೇಡಿ" ಎನ್ನುವುದು ವಿನಯವಲ್ಲ, ಸಾಲ ವಸೂಲಿ.

ಒಬ್ಬ ಗಿರಾಕಿ ಬರೆದರು: "ಹುಳಿಗೆ ತುಂಬಾ ಚೆನ್ನಾಗಿದೆ, ಕೊತ್ತಂಬರಿ ಹದವಾಗಿ ಹುರಿದ ಘಮ ಬರುತ್ತೆ. ಖಾರ ನಮ್ಮ ಮಕ್ಕಳಿಗೆ ಜಾಸ್ತಿ, ಸ್ವಲ್ಪ ಬೆಲ್ಲ ಮುಂದೆ ಹಾಕ್ತೀನಿ. ಕವರ್ ವಾರಕ್ಕೇ ಹರಿದುಹೋಯ್ತು, ಡಬ್ಬಿಗೆ ಸುರಿದಿಟ್ಟೆ." ಸೋದರಳಿಯ ಕತ್ತರಿ ಹಿಡಿದ. ಮೊದಲು ಕವರ್ ಹೋಯಿತು. ಆಮೇಲೆ ಮಕ್ಕಳು ಹೋದರು, ಜೊತೆಗೆ ಖಾರ. ಹುಳಿ ಎಂದರೆ ಪಲ್ಯಕ್ಕೆ ಕೊಳ್ಳುವವರು ತಪ್ಪಿಹೋಗುತ್ತಾರೆ ಎಂದು ಹುಳಿಯೂ ಹೋಯಿತು, ಹಿಂದೆಯೇ ಕೊತ್ತಂಬರಿಯ ಘಮವೂ. ಉಳಿದದ್ದು "ತುಂಬಾ ಚೆನ್ನಾಗಿದೆ". ಬೋಳಾಗಿ ಕಂಡಿತೆಂದು ಅವನೇ ಸೇರಿಸಿದ: "ನನ್ನ ಮಕ್ಕಳು ಬೇರೆ ಪುಡಿ ಮುಟ್ಟುವುದೇ ಇಲ್ಲ!!!" ಖಾರಕ್ಕೆ ಕಣ್ಣೀರಿಟ್ಟ ಮಕ್ಕಳು ಎರಡೇ ನಿಮಿಷದಲ್ಲಿ ಪುಡಿಯ ಭಕ್ತರಾದರು. ಹೀಗೆ ಅಸಲಿ ಗಿರಾಕಿಯನ್ನೇ ಕಡೆದು ಕಡೆದು ಸೌಮ್ಯಳನ್ನಾಗಿ ಮಾಡಬಹುದು.

ಪುಡಿ ಅಮ್ಮ ಒಪ್ಪಲಿಲ್ಲ. ಜಾಗ ಸಾಲದಿದ್ದರೆ ಕವರಿನ ಮಾತು ಬಿಡಬಹುದು, ಬಿಟ್ಟ ಕಡೆ ಮೂರು ಚುಕ್ಕಿ ಇಡು, ಬಿಟ್ಟದ್ದನ್ನು ಬರೆದವರಿಗೂ ತೋರಿಸು ಎಂದರು. ಕವರನ್ನು ಬೇರೆ ದಪ್ಪದ್ದಕ್ಕೆ ಬದಲಿಸಿದರು. ಖಾರದ ಮಾತು ಮಾತ್ರ ಇರಲೇಬೇಕು, ಏಕೆಂದರೆ ಅದು ಪುಡಿಯ ಬಗ್ಗೆ. ಅದನ್ನು ಓದಿ ಸಣ್ಣ ಮಕ್ಕಳಿರುವ ಮನೆಯವರು "ಖಾರ ಕಮ್ಮಿದು ಇದೆಯಾ?" ಎಂದು ಮೊದಲೇ ಕೇಳುತ್ತಾರೆ, ಖಾರ ತಿನ್ನುವವರು ಕೇಳದೆ ಕೊಳ್ಳುತ್ತಾರೆ. ಇಬ್ಬರಿಗೂ ಉಪಯೋಗಕ್ಕೆ ಬಂದದ್ದು ಹುಡುಗ ಕಸದ ಬುಟ್ಟಿಗೆ ಹಾಕಿದ್ದ ವಾಕ್ಯವೇ.

ಹಳೆಯ ಹೊಗಳಿಕೆಯ ಕಥೆ ಇನ್ನೊಂದು. ಮೂರು ವರ್ಷದ ಹಿಂದೆ ಯಾರೋ "ಬಣ್ಣ ಕೆಂಪಗೆ, ಖಾರ ಹಿತ" ಎಂದು ಬರೆದಿದ್ದರು. ಆಗ ಹಾಕುತ್ತಿದ್ದದ್ದು ಬರೀ ಬ್ಯಾಡಗಿ. ಬೆಲೆ ಏರಿದ ಮೇಲೆ ಅರ್ಧಕ್ಕರ್ಧ ಗುಂಟೂರು ಸೇರಿದೆ. ಹೊಗಳಿಕೆ ನಿಜ, ಹೊಗಳಿಸಿಕೊಂಡ ಪುಡಿ ಮಾತ್ರ ಈಗಿಲ್ಲ. ಹಾಗಾಗಿ ಪ್ರತಿ ಮಾತಿನ ಕೆಳಗೆ ತಿಂಗಳು, ವರ್ಷ ಬಂತು. ಆ ಹಳೆಯ ಮಾತು ಹೋಯಿತು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ದಾರಿ ತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಶಿಫಾರಸು ಮಾಡುವವರ ಅಭಿಪ್ರಾಯ ಪ್ರಾಮಾಣಿಕವಾಗಿರಬೇಕು, ಇತ್ತೀಚಿನದಾಗಿರಬೇಕು, ಸಾಕಷ್ಟು ಮಾಹಿತಿಯಿಂದಲೋ ಬಳಸಿಯೋ ತಿಳಿದದ್ದಾಗಿರಬೇಕು. ನಂಟು ಇದ್ದರೆ ಅದನ್ನೂ ಹೇಳಬೇಕು. ಸೋದರಳಿಯನ ಅತ್ತೆಮನೆಯಿಂದ ಬಂದ ಉದ್ದನೆಯ ಪ್ರಶಂಸೆ ಅಲ್ಲಿಗೆ ಬಿದ್ದುಹೋಯಿತು, ಏಕೆಂದರೆ "ಇವರು ನಮ್ಮ ಬೀಗರು, ಪೊಟ್ಟಣ ಪುಕ್ಕಟೆ ಕೊಟ್ಟಿದ್ದೆವು" ಎಂದು ಕೆಳಗೆ ಅಚ್ಚು ಹಾಕಿಸಲು ಬೀಗರು ಒಪ್ಪಲಿಲ್ಲ.

ಗ್ರಾಹಕರ ರಕ್ಷಣಾ ಕಾಯಿದೆ, 2019ರ ಪ್ರಕಾರ ಸುಳ್ಳು ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಯಾರಿಸಿದವರಿಗಷ್ಟೇ ಅಲ್ಲ, ಶಿಫಾರಸು ಮಾಡಿದವರಿಗೂ ಬೀಳಬಹುದು. ಸೌಮ್ಯಳಿಂದ ವಸೂಲಿ ಮಾಡಲು ಅಧಿಕಾರಿಗಳು ಬೆಂಗಳೂರಿನ ಯಾವ ಬಾಗಿಲು ತಟ್ಟುತ್ತಾರೋ ನೋಡಬೇಕು.

ಎಲ್ಲಕ್ಕಿಂತ ಸಿಹಿಯಾದ ಅಪಾಯ ತಂದವರು ನಿವೃತ್ತ ಮೇಷ್ಟ್ರೊಬ್ಬರು: "ನಿಮ್ಮ ಪುಡಿಯಿಂದ ನನ್ನ ಶುಗರ್ ಇಳಿಯಿತು." ಮನಸಾರೆ ಬರೆದದ್ದೇ. ಆದರೆ ತಿನ್ನುವ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳಲು ಆಹಾರ ಸುರಕ್ಷತೆಯ ನಿಯಮ ಬಿಡುವುದಿಲ್ಲ. ಗಿರಾಕಿಯ ಬಾಯಲ್ಲಿ ಅದು ಮಾತು, ಕ್ಯಾಟಲಾಗಿಗೆ ಬಂದರೆ ವ್ಯಾಪಾರಿಯ ಭರವಸೆ. ಪುಡಿ ಅಮ್ಮ ಧನ್ಯವಾದ ಹೇಳಿ, ಮಾತ್ರೆ ಬಿಡಬೇಡಿ ಮೇಷ್ಟ್ರೇ ಎಂದರು.

ಹುಡುಗನ ಕೊನೆಯ ಅಸ್ತ್ರ ವಾಟ್ಸಾಪಿನ ಸ್ಕ್ರೀನ್‌ಶಾಟ್. "ಇದಾದರೆ ಜನ ನಂಬ್ತಾರೆ ಅತ್ತೆ." ಅದರಲ್ಲಿ ಗಿರಾಕಿಯ ನಂಬರು, ಮಗುವಿನ ಫೋಟೊ ಎರಡೂ ಇದ್ದವು. ಅದೂ ಅಲ್ಲದೆ ಸೌಮ್ಯಳನ್ನು ಹುಟ್ಟಿಸಿದವನಿಗೆ ಅವಳಿಂದ ಒಂದು ವಾಟ್ಸಾಪ್ ಬರೆಸುವುದೇನು ಕಷ್ಟ? ಮೂಲ ಸಂದೇಶ, ಒಪ್ಪಿಗೆ, ಬಿಲ್ ನಂಬರು ಒಂದು ಫೈಲಿನಲ್ಲಿ ಉಳಿದವು. ಪುಟದಲ್ಲಿ ಅವರವರು ಹೇಳಿದಷ್ಟೇ ಗುರುತು: ಒಬ್ಬರದು ಪೂರ್ತಿ ಹೆಸರು, ಇನ್ನೊಬ್ಬರದು ಬರೀ "ಬ್ಯಾಂಕ್ ಉದ್ಯೋಗಿ, ಮಂಡ್ಯ". ಬೇಡವೆಂದು ಮುಂದೆ ಹೇಳಿದರೆ ಮರುಮುದ್ರಣದಲ್ಲಿ ತೆಗೆಯುವುದೆಂದೂ ಮಾತಾಯಿತು. ಮೇಲಿದ್ದ "ನಮ್ಮ ಎಲ್ಲ ಗ್ರಾಹಕರ ಮಾತು" ಎನ್ನುವುದನ್ನು ಹೊಡೆದು "ಮತ್ತೆ ಕೊಂಡ ಕೆಲವರ ಮಾತು" ಎಂದು ಬರೆಸಿದರು. ಆರಿಸಿ ಹಾಕುವುದು ತಪ್ಪಲ್ಲ, ಆರಿಸಿಲ್ಲವೆಂದು ನಟಿಸುವುದು ತಪ್ಪು.

"ಅತ್ತೆ, ನಾಲ್ಕೇ ಜನ ಆದ್ರು. ಇನ್ನೂ ಎರಡು ಚೌಕ ಖಾಲಿ" ಎಂದ ಹುಡುಗ.

"ಅದರಲ್ಲಿ ರೇಟು ಹಾಕು."